ರಿಕ್ರೂಟರ್ ಇಂಟರ್ವ್ಯೂಗೆ ಟೈಮ್ ಕೊಟ್ಟಾಗ ಏನಂತ ಉತ್ತರ ಬರೆಯಬೇಕು, ಏನು ಕೇಳಬೇಕು

"ಗುರುವಾರ 11:30ಕ್ಕೆ ಒಂದು ಕಾಲ್ ಇಟ್ಟುಕೊಳ್ಳೋಣ, ನಿಮಗೆ ಆಗುತ್ತಾ ತಿಳಿಸಿ" ಅಂತ ರಿಕ್ರೂಟರ್ ಮೇಲ್ ಬಂದರೆ, ಹೆಚ್ಚಿನವರು ಒಂದೇ ಸಾಲು ಬರೆದು ಕಳಿಸುತ್ತಾರೆ: "ಓಕೆ ಮೇಡಂ, ಥ್ಯಾಂಕ್ಯೂ." ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ಯಾವುದಕ್ಕೆ ಓಕೆ ಅಂದಿದ್ದೀರಿ ಅನ್ನುವುದು ಅದರಲ್ಲಿ ಇಲ್ಲ. ಯಾವ ಗುರುವಾರ? ಯಾವ ಊರಿನ ಹನ್ನೊಂದೂವರೆ? ಅವರು ಫೋನ್ ಮಾಡುತ್ತಾರಾ, ನೀವು ಲಿಂಕ್ ಒತ್ತಬೇಕಾ?

ನಾನು ಕೆಲವು ವರ್ಷ ಒಂದು ಕಂಪನಿಯ ನೇಮಕಾತಿ ತಂಡದಲ್ಲಿ ಇಂಟರ್ವ್ಯೂ ಟೈಮ್ ಹೊಂದಿಸುವ ಕೆಲಸ ಮಾಡಿದ್ದೇನೆ. ಕ್ಯಾಂಡಿಡೇಟ್ ಫೋನ್ ಹಿಡಿದು ಕಾಯುತ್ತಿರುತ್ತಾರೆ, ಇಂಟರ್ವ್ಯೂ ಮಾಡುವವರು ವಿಡಿಯೋ ಲಿಂಕ್‌ನಲ್ಲಿ ಕಾಯುತ್ತಿರುತ್ತಾರೆ. ಇಬ್ಬರಿಗೂ ಸಿಟ್ಟು, ಇಬ್ಬರದೂ ತಪ್ಪಿಲ್ಲ. ಉತ್ತರದಲ್ಲಿ ಇನ್ನೆರಡು ಸಾಲು ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಆ ಸಾಲುಗಳನ್ನು ಹೇಗೆ ಬರೆಯುವುದು ಅಂತ ಒಂದು ನಿಜವಾದ ಮೇಲ್ ಇಟ್ಟುಕೊಂಡೇ ನೋಡೋಣ.

ಬಂದ ಮೇಲ್

ಮಂಡ್ಯದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮೈಸೂರಿನ ಒಂದು ಕಂಪನಿಯಲ್ಲಿ ಟೆಕ್ನಿಕಲ್ ಸಪೋರ್ಟ್ ಕೆಲಸದಲ್ಲಿದ್ದಾಳೆ. ಬೆಂಗಳೂರಿನ ಇನ್ನೊಂದು ಕಂಪನಿಗೆ ಅರ್ಜಿ ಹಾಕಿದ್ದಳು. ಆ ತಂಡದ ಅರ್ಧ ಜನ ಲಂಡನ್ನಿನಲ್ಲಿ. ರಿಕ್ರೂಟರ್ ಕೂಡ ಅಲ್ಲಿಯವರೇ. ಮೇಲ್‌ನಲ್ಲಿ ಹೀಗಿತ್ತು: ತಂಡದ ಜೊತೆ 45 ನಿಮಿಷದ ಕಾಲ್, `Thursday, 14 August, 11:30 AM BST`, ಆಗುತ್ತದೆಯೇ ತಿಳಿಸಿ. ಜೊತೆಗೆ ಕ್ಯಾಲೆಂಡರ್ ಇನ್ವೈಟ್ ಒಂದು ಬಂದಿತ್ತು, ಅದರೊಳಗೆ ಟೀಮ್ಸ್ ಲಿಂಕ್.

ಅವಳು ಫೋನ್ ಮಾಡಿದಳು. "ಅಣ್ಣ, ಯೆಸ್ ಒತ್ಬಿಡ್ಲಾ? ಬೆಳಿಗ್ಗೆ ಹನ್ನೊಂದೂವರೆ ಅಲ್ವಾ, ಪರ್ಮಿಷನ್ ತಗೊಂಡ್ರೆ ಸಾಕು."

"ಒತ್ತಬೇಡ ಇರು. ಬಿಎಸ್‌ಟಿ ಅಂತಿದೆಯಲ್ಲ, ಅದೇನು ಅಂದ್ಕೊಂಡೆ?"

"ಬಿ ಅಂದ್ರೆ ಬೆಂಗಳೂರು ಅಲ್ವಾ?"

ನಗು ಬಂತು. ಆದರೂ ಅವಳ ಊಹೆಗೆ ಒಂದು ತರ್ಕವಿತ್ತು. ಕಂಪನಿ ಬೆಂಗಳೂರಿನದು ತಾನೇ!

ಮೊದಲು ಓದಿ, ಆಮೇಲೆ ಬಟನ್ ಒತ್ತಿ

ಮೇಲ್ ಒಂದು ಕಡೆ, ಕ್ಯಾಲೆಂಡರ್ ಇನ್ವೈಟ್ ಇನ್ನೊಂದು ಕಡೆ ಇಟ್ಟುಕೊಂಡು ಎರಡನ್ನೂ ಓದಿ. ಮೇಲ್ ಅನ್ನು ರಿಕ್ರೂಟರ್ ಕೈಯಲ್ಲಿ ಟೈಪ್ ಮಾಡಿರುತ್ತಾರೆ. ಇನ್ವೈಟ್‌ನ ಟೈಮನ್ನು ಮಾತ್ರ ಕ್ಯಾಲೆಂಡರ್ ತಾನೇ ಲೆಕ್ಕ ಹಾಕಿ ನಿಮ್ಮ ಫೋನಿನ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ. ಹಾಗಾಗಿ ಟೈಪಿಂಗ್ ತಪ್ಪು ಆಗುವುದು ಜಾಸ್ತಿ ಮೇಲ್‌ನಲ್ಲೇ.

ಅವಳ ಇನ್ವೈಟ್‌ನಲ್ಲಿ ಇದ್ದದ್ದು ಆಗಸ್ಟ್ 13, ಗುರುವಾರ, ಸಂಜೆ 4:00ರಿಂದ 4:45. ಮೇಲ್‌ನಲ್ಲಿ ಗುರುವಾರ, ಆಗಸ್ಟ್ 14. ಆ ವರ್ಷ 14 ಬಿದ್ದದ್ದು ಶುಕ್ರವಾರ. ಅಂದರೆ ವಾರ ಸರಿಯೋ ತಾರೀಕು ಸರಿಯೋ ಅಂತ ಮೇಲ್ ನೋಡಿದರೆ ಗೊತ್ತಾಗಲ್ಲ. ಇನ್ವೈಟ್ 13 ಅನ್ನುತ್ತಿದೆ, ಅದೇ ಸರಿ ಇರಬಹುದು. ಇರಬಹುದು ಅಷ್ಟೇ. ಇನ್ವೈಟ್ ಮಾಡುವಾಗ ಕ್ಯಾಲೆಂಡರಿನಲ್ಲಿ ಒಂದು ತಾರೀಕಿನ ಮೇಲೆ ಕ್ಲಿಕ್ ಮಾಡುವ ಬದಲು ಪಕ್ಕದ ತಾರೀಕಿನ ಮೇಲೆ ಕ್ಲಿಕ್ ಮಾಡಿದವರನ್ನೂ ನೋಡಿದ್ದೇನೆ. ಎರಡು ಕಡೆ ಬೇರೆ ಬೇರೆ ಇದ್ದರೆ ನೀವೇ ತೀರ್ಮಾನ ಮಾಡಬೇಡಿ, ಕೇಳಿ.

ಇನ್ನು ಟೈಮ್. ಬಿಎಸ್‌ಟಿ ಅಂದರೆ ಇಂಗ್ಲೆಂಡಿನ ಬೇಸಿಗೆ ಸಮಯ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಉಳಿದ ತಿಂಗಳಲ್ಲಿ ಐದೂವರೆ ಗಂಟೆ. ಅವರ 11:30ಕ್ಕೆ ನಾಲ್ಕೂವರೆ ಸೇರಿಸಿದರೆ ನಮ್ಮ ಸಂಜೆ 4. ಇನ್ವೈಟ್ ತೋರಿಸಿದ್ದೂ ಅದನ್ನೇ. ಟೈಮ್ ಹೊಂದಿತು, ತಾರೀಕಿನದು ಮಾತ್ರ ಬಾಕಿ.

ಅಮೆರಿಕದ ಕಂಪನಿಗಳು ಸುಮ್ನೆ `10 AM ET` ಅಂತ ಬರೆಯುತ್ತವೆ. ನ್ಯೂಯಾರ್ಕ್ ಸಮಯ ಅದು. ಬೇಸಿಗೆಯಲ್ಲಿ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಅವರು ಗಡಿಯಾರ ಹಿಂದಿಡುವುದು ನವೆಂಬರ್ ಮೊದಲ ಭಾನುವಾರ, ಇಂಗ್ಲೆಂಡಿನವರು ಅದಕ್ಕೆ ಒಂದು ವಾರ ಮುಂಚೆಯೇ ಇಟ್ಟಿರುತ್ತಾರೆ. ಆ ವಾರದಲ್ಲಿ ಇಂಟರ್ವ್ಯೂ ಬಿದ್ದರೆ ಬಾಯಿಲೆಕ್ಕ ನಂಬಬೇಡಿ. ಫೋನಿನ ವರ್ಲ್ಡ್ ಕ್ಲಾಕ್‌ನಲ್ಲಿ ಆ ಊರು ಸೇರಿಸಿಕೊಂಡರೆ ಇವತ್ತಿನ ವ್ಯತ್ಯಾಸ ಮಾತ್ರ ಸಿಗುತ್ತದೆ, ಇಂಟರ್ವ್ಯೂ ದಿನದ್ದಲ್ಲ. ಕ್ಯಾಲೆಂಡರ್ ಇನ್ವೈಟ್ ಆ ದಿನದ ಲೆಕ್ಕವನ್ನೇ ಹಾಕಿರುತ್ತದೆ. ಇನ್ವೈಟ್ ಕಳಿಸಿಲ್ಲ ಅಂದರೆ ಕೇಳಿ ತರಿಸಿಕೊಳ್ಳಿ.

ಇದೇ ಹೊತ್ತಿನಲ್ಲಿ ಮೇಲ್ ಯಾರಿಂದ ಬಂದಿದೆ ಅಂತಲೂ ಒಮ್ಮೆ ನೋಡಿಬಿಡಿ. ಕಂಪನಿ ಹೆಸರು ದೊಡ್ಡದು, ಮೇಲ್ ಐಡಿ ಮಾತ್ರ ಮಾಮೂಲಿ ಜಿಮೇಲ್, ಇಂಟರ್ವ್ಯೂಗೆ ಮುಂಚೆ ರಿಜಿಸ್ಟ್ರೇಷನ್ ಫೀಸು ಕೇಳುತ್ತಿದ್ದಾರೆ ಅಂದರೆ ಅಲ್ಲಿಗೇ ಬಿಡಿ. ಟೈಮ್ ಕನ್ಫರ್ಮ್ ಮಾಡಲು ಆಧಾರ್, ಪ್ಯಾನ್, ಓಟಿಪಿ ಯಾವುದೂ ಬೇಕಾಗಿಲ್ಲ. ದುಡ್ಡು ಕಳಿಸಿ ಆಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ.

ಕೇಳುವ ಮುಂಚೆ, ಉತ್ತರ ಅಲ್ಲೇ ಇದೆಯಾ ನೋಡಿ

ಇಂಟರ್ವ್ಯೂ ಹೇಗಿರುತ್ತದೆ ಅನ್ನುವುದರಲ್ಲಿ ಅರ್ಧ ಇನ್ವೈಟ್ ಒಳಗೇ ಸಿಗುತ್ತದೆ. ಅದರಲ್ಲಿ ಗೆಸ್ಟ್ ಪಟ್ಟಿ ಇರುತ್ತದೆ, ಬಿಡಿಸಿ ನೋಡಿ. ರಿಕ್ರೂಟರ್ ಒಬ್ಬರೇ ಇದ್ದರೆ ಅದು ಮೊದಲ ಮಾತುಕತೆ. ಬೇರೆ ಹೆಸರುಗಳಿದ್ದರೆ ತಂಡದವರು ಬರುತ್ತಾರೆ ಅಂತ ಅರ್ಥ. ಆದರೆ ಕೆಲವು ಕಂಪನಿಗಳು ಗೆಸ್ಟ್ ಪಟ್ಟಿ ಕಾಣದ ಹಾಗೆ ಮುಚ್ಚಿರುತ್ತವೆ. ಆಗ ಕೇಳಲೇಬೇಕು.

ಎಷ್ಟು ಹೊತ್ತು ಅನ್ನುವುದೂ ಸುಳಿವು ಕೊಡುತ್ತದೆ. 15ರಿಂದ 30 ನಿಮಿಷ ಅಂದರೆ ಸಾಮಾನ್ಯವಾಗಿ ರಿಕ್ರೂಟರ್ ಜೊತೆಗಿನ ಮಾತು. ಈಗಿನ ಸಂಬಳ ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪೀರಿಯಡ್ ಎಷ್ಟು ದಿನ, ಬೆಂಗಳೂರಿಗೆ ಬರುತ್ತೀರಾ, ಈ ಕೆಲಸ ಯಾಕೆ ಬಿಡುತ್ತಿದ್ದೀರಿ. 45 ನಿಮಿಷ, ಒಂದು ಗಂಟೆ ಅಂದರೆ ಕೆಲಸದ ಬಗ್ಗೆಯೇ ಕೇಳುವ ಸಾಧ್ಯತೆ ಜಾಸ್ತಿ. ನಮ್ಮ ಹುಡುಗಿಯದು 45 ನಿಮಿಷ, "ತಂಡದ ಜೊತೆ" ಅಂತಲೂ ಇದೆ. ಆದರೆ ಯಾರು, ಎಷ್ಟು ಜನ ಇಲ್ಲ. ಬರೀ ಮಾತಾ, ಸ್ಕ್ರೀನ್ ಮೇಲೆ ಏನಾದರೂ ಮಾಡಿ ತೋರಿಸಬೇಕಾ ಅದೂ ಇಲ್ಲ. ಲಿಂಕ್ ಟೀಮ್ಸ್‌ದು, ಅಂದಮೇಲೆ "ಫೋನಾ ವಿಡಿಯೋನಾ" ಅಂತ ಕೇಳುವುದು ಬೇಕಿಲ್ಲ.

ಬರೆದಿರುವುದನ್ನೇ ಮತ್ತೆ ಕೇಳಿದರೆ ರಿಕ್ರೂಟರ್‌ಗೆ ಒಂದೇ ಅನಿಸುತ್ತದೆ: ಇವರು ಮೇಲ್ ಓದೇ ಇಲ್ಲ. ಸಪೋರ್ಟ್ ಕೆಲಸಕ್ಕೆ ಅರ್ಜಿ ಹಾಕಿದವರ ಬಗ್ಗೆ ಹೀಗೆ ಅನಿಸುವುದು ಇನ್ನೂ ಕೆಟ್ಟದ್ದು.

ಉತ್ತರ

ಈ ಮೇಲ್ ಇಂಗ್ಲಿಷಿನಲ್ಲೇ ಹೋಗಬೇಕು, ಅದು ಗೊತ್ತಿರುವುದೇ. ಆದರೆ ನೇರವಾಗಿ ಇಂಗ್ಲಿಷಿನಲ್ಲಿ ಶುರು ಮಾಡಿದರೆ "ಪ್ಲೀಸ್ ಡೂ ದ ನೀಡ್‌ಫುಲ್" ತರಹದ ಸಾಲುಗಳು ತಾವಾಗಿ ಬಂದು ಕೂರುತ್ತವೆ, ಹೇಳಬೇಕಾದ ವಿಷಯ ಹೊರಗೆ ಉಳಿಯುತ್ತದೆ. ಏನು ಹೇಳಬೇಕು ಅಂತ ಮೊದಲು ಕನ್ನಡದಲ್ಲಿ ಬರೆದುಕೊಂಡೆವು. ಹೀಗೆ:

> ನಮಸ್ತೆ (ರಿಕ್ರೂಟರ್ ಹೆಸರು),
>
> ಕರೆದಿದ್ದಕ್ಕೆ ಧನ್ಯವಾದ. ಗುರುವಾರ, ಆಗಸ್ಟ್ 13, ಭಾರತದ ಸಮಯ ಸಂಜೆ 4:00ಕ್ಕೆ, ಅಂದರೆ ನಿಮ್ಮ ಬೆಳಿಗ್ಗೆ 11:30ಕ್ಕೆ, ಇನ್ವೈಟ್‌ನಲ್ಲಿರುವ ಟೀಮ್ಸ್ ಲಿಂಕ್‌ನಲ್ಲಿ ಸಿಗುತ್ತೇನೆ. ಮೇಲ್‌ನಲ್ಲಿ ಆಗಸ್ಟ್ 14 ಅಂತಿದೆ, ಇನ್ವೈಟ್‌ನಲ್ಲಿ 13 ಇದೆ. 13 ಸರಿ ಅಂತ ಒಮ್ಮೆ ತಿಳಿಸುತ್ತೀರಾ?
>
> ತಯಾರಿಗೆ ಎರಡು ವಿಷಯ ಗೊತ್ತಾದರೆ ಅನುಕೂಲ. ಯಾರು ಮಾತಾಡುತ್ತಾರೆ, ತಂಡದಲ್ಲಿ ಅವರ ಕೆಲಸವೇನು? ಬರೀ ಮಾತುಕತೆಯೋ, ಅಥವಾ ಸ್ಕ್ರೀನ್ ಶೇರ್ ಮಾಡಿ ಏನಾದರೂ ಬಿಡಿಸಬೇಕಾಗುತ್ತದೆಯೋ?
>
> ಲಿಂಕ್ ತೊಂದರೆ ಕೊಟ್ಟರೆ ನನ್ನ ಫೋನ್ ನಂಬರ್ ಇದು. ನಿಮ್ಮನ್ನು ಯಾವ ನಂಬರಿನಲ್ಲಿ ಹಿಡಿಯಬಹುದು?
>
> (ನಿಮ್ಮ ಪೂರ್ತಿ ಹೆಸರು)

ಇಷ್ಟೇ. ಇಂಗ್ಲಿಷಿಗೆ ತಂದಾಗಲೂ ಫೋನ್ ಸ್ಕ್ರೀನಿನಲ್ಲಿ ಒಂದೇ ನೋಟಕ್ಕೆ ಹಿಡಿಯಬೇಕು. ಟೈಮ್ ಸಾಲನ್ನು ಹೀಗೆ ಟೈಪ್ ಮಾಡಿ: `Thursday, 13 August, 4:00 PM IST / 11:30 AM BST`. ವಾರ, ತಾರೀಕು, ಎರಡೂ ಊರಿನ ಸಮಯ ಎಲ್ಲವೂ ಇರಲಿ. ತಾರೀಕನ್ನು 13/8 ಅಂತ ಅಂಕಿಯಲ್ಲಿ ಬರೆಯಬೇಡಿ. ಅಮೆರಿಕದವರು ತಿಂಗಳನ್ನು ಮೊದಲು ಓದುತ್ತಾರೆ. 13 ಆದರೆ ಹೇಗೋ ಅರ್ಥವಾಗುತ್ತದೆ, 6/8 ಆದರೆ ಜೂನ್ 8 ಅಂದುಕೊಳ್ಳುತ್ತಾರೆ. ಐಎಸ್‌ಟಿ ಅಂತ ಬರೆದರೂ ಪಕ್ಕದಲ್ಲಿ ಅವರ ಸಮಯ ಇರಲಿ, ಯಾಕೆಂದರೆ ಐರ್ಲೆಂಡಿನವರೂ ಬೇಸಿಗೆಯಲ್ಲಿ ತಮ್ಮ ಸಮಯಕ್ಕೆ ಐಎಸ್‌ಟಿ ಅನ್ನುತ್ತಾರೆ.

ತಪ್ಪು ತಾರೀಕು ಎತ್ತಿ ತೋರಿಸಿದರೆ ಬೇಜಾರಾಗುತ್ತಾರೇನೋ ಅಂತ ಅವಳಿಗೆ ಅಳುಕಿತ್ತು. "ಅವ್ರ ತಪ್ಪು ಅಂದಂಗೆ ಆಗಲ್ವಾ ಅಣ್ಣ?" ಆಗಲ್ಲ. "ನೀವು ತಪ್ಪು ಬರೆದಿದ್ದೀರಿ" ಅಂದಿಲ್ಲ, ಇಲ್ಲಿ ಹೀಗಿದೆ ಅಲ್ಲಿ ಹಾಗಿದೆ ಅಂದಿದ್ದೇವೆ ಅಷ್ಟೇ. ನನ್ನ ಹಳೆಯ ಸೀಟಿನಿಂದ ಹೇಳುವುದಾದರೆ, ಇಂಥ ಮೇಲ್ ಬಂದಾಗ ಬೇಜಾರಿಗಿಂತ ಬಚಾವಾದೆವು ಅನಿಸುವುದೇ ಜಾಸ್ತಿ.

ಸಂಬೋಧನೆಯಲ್ಲೂ ಒಂದು ಮಾತು. ಮೇಲ್ ಕೆಳಗೆ ಅವರ ಹೆಸರಿದ್ದರೆ "ರೆಸ್ಪೆಕ್ಟೆಡ್ ಸರ್ ಆರ್ ಮೇಡಂ" ಬೇಡ. ಐಟಿ ಕಂಪನಿಗಳಲ್ಲಿ ಹೆಸರು ಹಿಡಿದು ಬರೆಯುವುದೇ ರೂಢಿ. ಅದೇ ನಂಜನಗೂಡು ಕಡೆಯ ಫ್ಯಾಕ್ಟರಿ ಎಚ್‌ಆರ್ ಕನ್ನಡದಲ್ಲಿ ವಾಟ್ಸಾಪ್ ಮಾಡಿದ್ದರೆ ಕನ್ನಡದಲ್ಲೇ, "ಸರ್" ಸೇರಿಸಿಯೇ ಬರೆಯಿರಿ. ಅವರು ನಿಮ್ಮ ಜೊತೆ ಹೇಗೆ ಮಾತಾಡಿದ್ದಾರೋ ಹಾಗೆ.

ಅದೇ ಥ್ರೆಡ್‌ನಲ್ಲಿ ಉತ್ತರಿಸಿ, ಸಬ್ಜೆಕ್ಟ್ ಬದಲಿಸಬೇಡಿ. ಸಿಸಿಯಲ್ಲಿ ಯಾರಾದರೂ ಇದ್ದರೆ ರಿಪ್ಲೈ ಆಲ್. ಕೆಲವು ಕಡೆ ಟೈಮ್ ಹೊಂದಿಸುವವರು ಬೇರೆ ಇರುತ್ತಾರೆ, ಅವರೇ ಸಿಸಿಯಲ್ಲಿ ಇರುವುದು. ಮೇಲ್ ಕಳಿಸಿದ ಮೇಲೆ ಇನ್ವೈಟ್‌ನಲ್ಲೂ ಯೆಸ್ ಒತ್ತಿ. ಬರೀ ಯೆಸ್ ಒತ್ತಿ ಸುಮ್ಮನಾದರೆ ಸಾಲದು. ಆ ಸಂದೇಶ ಇನ್ವೈಟ್ ಮಾಡಿದ ಐಡಿಗೆ ಹೋಗುತ್ತದೆ. ಕೆಲವೊಮ್ಮೆ ಅದು ಯಾರೂ ತೆರೆದು ನೋಡದ ಯಂತ್ರದ ಐಡಿ.

ಏನು ಕೇಳಬಾರದು

"ಯಾವ ಪ್ರಶ್ನೆ ಕೇಳ್ತಾರೆ?" ಅಂತ ಕೇಳಬೇಡಿ. ಅವರು ಹೇಳಲ್ಲ, ಬಹಳ ಸಲ ಅವರಿಗೇ ಗೊತ್ತಿರಲ್ಲ. ರಿಕ್ರೂಟರ್ ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರು ಅಂದರೆ ಇನ್ನೂ ಕಡಿಮೆ ಗೊತ್ತಿರುತ್ತದೆ. ಹಾಗಿದ್ದಾಗ ಪ್ರಶ್ನೆಯ ಕೊನೆಯಲ್ಲಿ "ನಿಮಗೆ ತಿಳಿಯದಿದ್ದರೆ ತಂಡದವರನ್ನು ಕೇಳಿ ಹೇಳುತ್ತೀರಾ" ಅಂತ ಸೇರಿಸಿ. ಅವರು ನಿಮ್ಮ ಸಾಲನ್ನೇ ಮುಂದಕ್ಕೆ ಫಾರ್ವರ್ಡ್ ಮಾಡುತ್ತಾರೆ. "ಇದೋ ಅದೋ" ಅನ್ನುವ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ. "ಇಂಟರ್ವ್ಯೂ ಬಗ್ಗೆ ವಿವರವಾಗಿ ತಿಳಿಸಿ" ಅಂದರೆ ಆಮೇಲೆ ಬರೆಯೋಣ ಅಂತ ಪಕ್ಕಕ್ಕಿಟ್ಟು ಮರೆಯುತ್ತಾರೆ. ಸಂಬಳ, ವರ್ಕ್ ಫ್ರಂ ಹೋಮ್, ರಜೆ ಇವೆಲ್ಲ ಈ ಮೇಲ್‌ಗೆ ಬೇಡ. ಅದಕ್ಕೆ ಮಾತುಕತೆಯಲ್ಲೇ ಜಾಗವಿದೆ.

ಆ ಟೈಮ್ ಆಗದಿದ್ದರೆ

ಅವಳ ಡ್ಯೂಟಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ. ನಾಲ್ಕು ಗಂಟೆ ಅಂದಾಗ ಅರ್ಧ ದಿನ ರಜೆಯೇ ಹಾಕಬೇಕಾಯಿತು, ಸಿಕ್ಕಿತು. ಸಿಗದಿದ್ದರೆ? ಇನ್ವೈಟ್‌ನಲ್ಲಿ ನೋ ಒತ್ತಬೇಡಿ. ಬೇಡ ಅಂದರು ಅಂತಲೇ ಓದಿಕೊಳ್ಳುವವರಿದ್ದಾರೆ. ಮೊದಲು ಮೇಲ್ ಬರೆಯಿರಿ. "ಗುರುವಾರ ಆಗಲ್ಲ" ಅಂತ ನಿಲ್ಲಿಸದೆ, ನಿಮಗೆ ಆಗುವ ಎರಡು ಮೂರು ಹೊತ್ತು ಕೊಡಿ, ಅವರ ಕೆಲಸದ ವೇಳೆಯೊಳಗೆ. ಬೇಸಿಗೆಯಲ್ಲಿ ಲಂಡನ್ನಿನ ಬೆಳಿಗ್ಗೆ 9 ನಮ್ಮ ಮಧ್ಯಾಹ್ನ 1:30, ಅವರ ಸಂಜೆ 5 ನಮ್ಮ ರಾತ್ರಿ 9:30. ಹಾಗಾಗಿ "ಶುಕ್ರವಾರ ಸಂಜೆ 7ರಿಂದ 9ರೊಳಗೆ ಯಾವಾಗಲಾದರೂ, ಅಥವಾ ಸೋಮವಾರ ಅದೇ ವೇಳೆ" ಅಂದರೆ ಅವರಿಗೂ ಅನುಕೂಲ, ನಿಮಗೆ ರಜೆಯೂ ಉಳಿಯಿತು. ಕಾರಣ ಅರ್ಧ ಸಾಲು ಸಾಕು: "ಆಫೀಸಿನ ಕೆಲಸವಿದೆ."

ರಜೆ ಸಿಗುತ್ತದೋ ಇಲ್ಲವೋ ಸಂಜೆಯೊಳಗೆ ಗೊತ್ತಾಗದಿದ್ದರೂ ಅವತ್ತೇ ಉತ್ತರಿಸಿ. "ಬಹುತೇಕ ಆಗುತ್ತದೆ, ನಾಳೆ ಬೆಳಿಗ್ಗೆ 11ರೊಳಗೆ ಖಚಿತ ಹೇಳುತ್ತೇನೆ" ಅಂತ ಬರೆದು, ಹೇಳಿದ ಹಾಗೆ 11ರೊಳಗೆ ಹೇಳಿ. ಮೌನವಾಗಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ.

ನೇರವಾಗಿ ಬನ್ನಿ ಅಂದರೆ

ಮೈಸೂರು, ಮಂಡ್ಯದ ಕಡೆ ಎಷ್ಟೋ ಕರೆಗಳು ಮೇಲ್‌ನಲ್ಲಿ ಬರಲ್ಲ. ನೀವು ಬಸ್ಸಿನಲ್ಲಿ ನಿಂತಿರುವಾಗ ಫೋನ್ ಬರುತ್ತದೆ: "ನಾಳೆ ಹನ್ನೊಂದಕ್ಕೆ ಬನ್ನಿ, ಹೆಬ್ಬಾಳ." ಹೂಂ ಅಂದು ಇಟ್ಟುಬಿಡುತ್ತೀರಿ. ಹೆಬ್ಬಾಳ ಮೈಸೂರಿನಲ್ಲೂ ಇದೆ, ಕೈಗಾರಿಕಾ ಪ್ರದೇಶ. ಬೆಂಗಳೂರಿನಲ್ಲೂ ಇದೆ, ವಿಮಾನ ನಿಲ್ದಾಣದ ದಾರಿಯಲ್ಲಿ. ವಿಜಯನಗರ, ಜಯನಗರದ್ದೂ ಇದೇ ಕತೆ, ಎರಡೂ ಊರಿನಲ್ಲಿವೆ. ಕಂಪನಿಗೆ ಎರಡೂ ಕಡೆ ಆಫೀಸ್ ಇದ್ದರಂತೂ ಗೊಂದಲ ಗ್ಯಾರಂಟಿ.

ಫೋನ್ ಇಟ್ಟ ತಕ್ಷಣ ಅದೇ ನಂಬರಿಗೆ ಒಂದು ಮೆಸೇಜ್ ಹಾಕಿ: "ಸರ್, ಈಗ ಮಾತಾಡಿದ ಹಾಗೆ ನಾಳೆ ಬುಧವಾರ ಬೆಳಿಗ್ಗೆ 11ಕ್ಕೆ ಮೈಸೂರಿನ ಹೆಬ್ಬಾಳದ ಆಫೀಸಿಗೆ ಬರುತ್ತೇನೆ. ದಯವಿಟ್ಟು ಲೊಕೇಶನ್ ಕಳಿಸಿ. ಗೇಟ್‌ನಲ್ಲಿ ಯಾರ ಹೆಸರು ಹೇಳಬೇಕು? ಒಂದೇ ರೌಂಡಾ, ಅಥವಾ ಲಿಖಿತ ಪರೀಕ್ಷೆಯೂ ಇದೆಯಾ?" ಕೊನೆಯ ಪ್ರಶ್ನೆಯಲ್ಲಿ ನಿಮ್ಮ ದಿನದ ಲೆಕ್ಕವೂ ಇದೆ. ಪರೀಕ್ಷೆ ಇದ್ದರೆ ಮಧ್ಯಾಹ್ನದೊಳಗೆ ಬಿಡುತ್ತಾರೆ ಅಂತ ನಂಬಿ ಮನೆಯಲ್ಲಿ ಹೇಳಿ ಬರಬೇಡಿ.

ಉತ್ತರ ಬಂದ ಮೇಲೆ, ಬರದಿದ್ದಾಗ

ನಮ್ಮ ಹುಡುಗಿಗೆ ಮರುದಿನವೇ ಉತ್ತರ ಬಂತು. 13 ಸರಿ, ಮೇಲ್‌ನದು ಟೈಪಿಂಗ್ ತಪ್ಪು. ಮಾತಾಡುವವರು ಇಬ್ಬರು, ಟೀಮ್ ಲೀಡ್ ಮತ್ತು ಒಬ್ಬ ಸೀನಿಯರ್. ಮೊದಲ ಅರ್ಧ ಗಂಟೆ ಮಾತುಕತೆ, ಆಮೇಲೆ ಒಬ್ಬ ಗ್ರಾಹಕರ ದೂರನ್ನು ಸ್ಕ್ರೀನ್ ಮೇಲೆ ಕೊಟ್ಟು ಹೇಗೆ ಬಿಡಿಸುತ್ತೀರಿ ಅಂತ ನೋಡುತ್ತಾರೆ. ಇದರಿಂದ ಎರಡು ಯೋಜನೆ ಬದಲಾದವು. ಮೊಬೈಲಿನಲ್ಲೇ ಕಾಲ್ ತಗೊಳ್ಳೋಣ ಅಂದುಕೊಂಡಿದ್ದವಳು ಲ್ಯಾಪ್‌ಟಾಪ್‌ಗೆ ಟೀಮ್ಸ್ ಹಾಕಿ ಹಿಂದಿನ ರಾತ್ರಿ ನನ್ನ ಜೊತೆ ಸ್ಕ್ರೀನ್ ಶೇರ್ ಮಾಡಿ ನೋಡಿದಳು. ಮಂಡ್ಯದ ಮನೆಯ ಬದಲು ಮೈಸೂರಿನ ನಮ್ಮ ಮನೆಯಲ್ಲಿ ಕೂತಳು, ಯಾಕೆಂದರೆ ಅವಳ ಬಡಾವಣೆಗೆ ಅವತ್ತು ಕರೆಂಟ್ ಇರಲ್ಲ ಅಂತ ಸೆಸ್ಕ್ ಪ್ರಕಟಣೆ ಪೇಪರಿನಲ್ಲಿ ಬಂದಿತ್ತು.

ಇಂಥ ಉತ್ತರಕ್ಕೆ "ಧನ್ಯವಾದ, ಗುರುವಾರ ಸಿಗೋಣ" ಅಂತ ಒಂದು ಸಾಲು ಸಾಕು. ಅಲ್ಲಿಗೆ ನಿಲ್ಲಿಸಿ.

ಉತ್ತರ ಬರದಿದ್ದರೆ ಒಂದು ಪೂರ್ತಿ ಕೆಲಸದ ದಿನ ಕಾಯಿರಿ. ಆಮೇಲೆ ಅದೇ ಥ್ರೆಡ್‌ನಲ್ಲಿ ಒಂದು ನೆನಪೋಲೆ, ತಾರೀಕಿನ ಪ್ರಶ್ನೆ ಮಾತ್ರ. ಫಾರ್ಮ್ಯಾಟ್ ಪ್ರಶ್ನೆ ಬಿಟ್ಟುಬಿಡಿ, ಅದಿಲ್ಲದೆಯೂ ಇಂಟರ್ವ್ಯೂ ನಡೆಯುತ್ತದೆ, ತಾರೀಕಿಲ್ಲದೆ ನಡೆಯಲ್ಲ. ಅದಕ್ಕೂ ಮೌನವಾದರೆ ಇನ್ವೈಟ್‌ನಲ್ಲಿರುವ ಟೈಮಿಗೆ ಲಿಂಕ್‌ನಲ್ಲಿ ಹಾಜರಾಗಿ.

ಐದು ನಿಮಿಷ ಮುಂಚೆ ಲಿಂಕ್ ಒತ್ತಿ. ಟೀಮ್ಸ್ ಸಾಮಾನ್ಯವಾಗಿ ಹೊರಗಿನವರನ್ನು ಲಾಬಿಯಲ್ಲಿ ಕೂರಿಸುತ್ತದೆ, ಅವರು ಒಳಗೆ ಬಿಟ್ಟಾಗ ಮಾತ್ರ ಸೇರುತ್ತೀರಿ. ನಾಲ್ಕು ಹತ್ತಾದರೂ ಯಾರೂ ಬಿಡದಿದ್ದರೆ ಲಾಬಿಯಿಂದ ಎದ್ದು ಹೋಗಬೇಡಿ. ಅಲ್ಲಿ ಇದ್ದುಕೊಂಡೇ ಫೋನಿನಲ್ಲಿ ಆ ಥ್ರೆಡ್ ತೆರೆದು "4 ಗಂಟೆಯಿಂದ ಟೀಮ್ಸ್ ಲಾಬಿಯಲ್ಲಿದ್ದೇನೆ, ಈ ಲಿಂಕ್ ಸರಿ ತಾನೇ? ನನ್ನ ನಂಬರಿಗೆ ಕರೆ ಮಾಡಿದರೂ ಆಗುತ್ತದೆ" ಅಂತ ಬರೆಯಿರಿ. ರಿಕ್ರೂಟರ್ ನಂಬರ್ ತಗೊಂಡಿದ್ದರೆ ಒಂದು ಕರೆಯನ್ನೂ ಮಾಡಿ. ನಾಲ್ಕೂವರೆ ತನಕ ಕಾಯ್ದು, ಯಾರೂ ಬರದಿದ್ದರೆ ಬೇರೆ ಎರಡು ಹೊತ್ತು ಸೂಚಿಸಿ ಮೇಲ್ ಹಾಕಿ ಹೊರಡಿ.